ಮಗಳ ಎನ್‌ಎಂಎಂಎಸ್ ಸುದ್ದಿ, ಬೊಂಬಾಯಿ ದೊಡ್ಡಮ್ಮನಿಗೆ

"ಮಗಾ, ನಿನ್ನ ಮಗಳಿಗೆ ದೊಡ್ಡ ಸ್ಕಾಲರ್‌ಶಿಪ್ ಬಂತಂತೆ, ರಾಜ್ಯಕ್ಕೇ ಫಸ್ಟ್ ಅಂತೆ! ನಮಗೆ ಯಾಕೆ ಹೇಳ್ಲಿಲ್ಲ? ಎಷ್ಟು ಬರ್ತದೆ, ಯಾರು ಕಲಿಸಿದ್ದು, ಎಲ್ಲ ಹೇಳು."

ದೊಡ್ಡಮ್ಮ, ಟೈಪ್ ಮಾಡ್ತಾ ಕೂತರೆ ರಾತ್ರಿಯಾದೀತು, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಕುಕ್ಕರ್ ಇಟ್ಟಿದ್ದೇನೆ, ಮಧ್ಯದಲ್ಲಿ ಕೂಗಿದರೆ ಗಾಬರಿಯಾಗಬೇಡಿ.

ಮೊದಲು ಆ ಫಸ್ಟ್ ಅನ್ನೋದನ್ನು ಬಿಡಿ. ಅದು ಯಾರು ಸೇರಿಸಿದ್ದೋ ಗೊತ್ತಿಲ್ಲ. ಎನ್‌ಎಂಎಂಎಸ್ ಅಂತ ಪರೀಕ್ಷೆ. ಎಂಟನೇ ಕ್ಲಾಸಿನಲ್ಲಿ ಬರೆಯುವುದು. ದೇಶದಲ್ಲಿ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ ಕೊಡುತ್ತಾರೆ, ಅದರಲ್ಲಿ ಇವಳೂ ಒಬ್ಬಳು. ತಿಂಗಳಿಗೆ 1,000 ರೂಪಾಯಿಯ ಲೆಕ್ಕ, ಅಂದರೆ ವರ್ಷಕ್ಕೆ 12,000. ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ. ಹತ್ತರಲ್ಲಿ 60 ಪರ್ಸೆಂಟ್ ತೆಗೆಯದಿದ್ದರೆ ಪಿಯುಸಿಯದ್ದು ಹೋಯಿತು. ಹಣ ಇನ್ನೂ ಬಂದಿಲ್ಲ, ಹೆಸರು ಪಟ್ಟಿಯಲ್ಲಿ ಬಂದಿದೆ ಅಷ್ಟೆ. ಅದಕ್ಕೇ ಹೇಳಿರಲಿಲ್ಲ. ನಮಗೆ ಖುಷಿ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನು ಕಲಿಸಿದ್ದು. ನಾನಂತೂ ಅಲ್ಲ. ಅವಳ ಶಾಲೆಯ ಗಣಿತದ ಮಾಷ್ಟ್ರು. ಉಡುಪಿಯಲ್ಲಿ ಇದಕ್ಕೆ ಟ್ಯೂಷನ್ ಹುಡುಕೋಣ ಅಂತ ನಾವು ಹೊರಟಿದ್ದೆವು, ಅವರೇ ಬೇಡ ಅಂದರು. ಸಂಜೆ ಬೆಲ್ ಆದ ಮೇಲೆ ಬರೆಯುವ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಲಿಸಿದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಕೊನೆಯ ಬಸ್ಸು ತಪ್ಪಿದರೆ ತಮ್ಮ ಬೈಕಿನಲ್ಲಿ ತಂದು ಬಿಟ್ಟದ್ದೂ ಇದೆ.

ಪರೀಕ್ಷೆಯಲ್ಲಿ ಎರಡು ಪೇಪರ್, ತಲಾ 90 ಪ್ರಶ್ನೆ, 90 ನಿಮಿಷ. ಒಂದು ಪಾಠದ್ದು, ವಿಜ್ಞಾನ, ಸಮಾಜ, ಗಣಿತ. ಅದು ಹೇಗಾದರೂ ಓದಬಹುದು. ಇನ್ನೊಂದು ಬುದ್ಧಿಗೆ ಕೆಲಸ ಕೊಡುವಂಥದ್ದು. ಅದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಮಕ್ಕಳು ತಡವರಿಸುವುದೇ ಅಲ್ಲಿ. ಉದಾಹರಣೆಗೆ ಗಡಿಯಾರದಲ್ಲಿ 4 ಗಂಟೆ 20 ನಿಮಿಷ, ಕನ್ನಡಿಯಲ್ಲಿ ಎಷ್ಟು ಕಾಣುತ್ತದೆ ಅಂತ ಕೇಳುತ್ತಾರೆ. ಮಾಷ್ಟ್ರು ಏನು ಮಾಡಿದರು ಗೊತ್ತಾ? ಗೋಡೆಯ ಗಡಿಯಾರ ಇಳಿಸಿ, ಕೈ ತೊಳೆಯುವಲ್ಲಿದ್ದ ಕನ್ನಡಿಯ ಎದುರು ಹಿಡಿದರು. ಮಕ್ಕಳೇ ಓದಿದರು, 7 ಗಂಟೆ 40 ನಿಮಿಷ. ನಾಲ್ಕೈದು ಸಲ ಮುಳ್ಳು ತಿರುಗಿಸಿ ತೋರಿಸಿದ ಮೇಲೆಯೇ ಸುಲಭದ ದಾರಿ ಹೇಳಿಕೊಟ್ಟದ್ದು. 11 ಗಂಟೆ 60 ನಿಮಿಷದಿಂದ ಕಳೆಯಿರಿ, ಅಷ್ಟೆ. ಮೊದಲೇ ಸೂತ್ರ ಕೊಟ್ಟಿದ್ದರೆ ಇವಳು ಬಾಯಿಪಾಠ ಮಾಡಿ ಮರುದಿನ ಮರೆಯುತ್ತಿದ್ದಳು, ನನಗೆ ಗೊತ್ತು ಅವಳ ಬುದ್ಧಿ. ತಪ್ಪು ಉತ್ತರಕ್ಕೆ ಮಾರ್ಕ್ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ ಅಂತ ದಿನಾ ಹೇಳುತ್ತಿದ್ದರಂತೆ.

ಇನ್ನೊಬ್ಬರ ಹೆಸರು ಯಾರೂ ಎತ್ತುವುದಿಲ್ಲ, ಶಾಲೆಯ ಆಫೀಸಿನ ಅಕ್ಕ. ಅರ್ಜಿ ಹಾಕುವಾಗಲೇ ಅವರು ಕಂಡುಹಿಡಿದದ್ದು, ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಪರೀಕ್ಷೆ ಪಾಸಾದ ಮೇಲೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಪುನಃ ಅರ್ಜಿ ಹಾಕಬೇಕು. ಅಲ್ಲಿ ಹೆಸರು ಹೊಂದದಿದ್ದರೆ ಪಾಸಾಗಿಯೂ ಹಣ ಬರುವುದಿಲ್ಲ. ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಆಗಿರಬೇಕು. ಅವರು ನಮ್ಮನ್ನು ಆಗಲೇ ಓಡಿಸಿ ಎಲ್ಲ ಸರಿ ಮಾಡಿಸಿದರು. ಈ ಸಲದ ಅರ್ಜಿ ಶಾಲೆಯಲ್ಲಿ ನೋಡಿ ಆಗಿದೆ, ಇನ್ನು ಜಿಲ್ಲೆಯವರು ನೋಡಬೇಕು. ಮುಂದೆ ವರ್ಷ ವರ್ಷ ರಿನ್ಯೂ ಮಾಡುವುದು ಬೇರೆ ಇದೆ.

ಹೆಡ್‌ಮಾಷ್ಟ್ರಿಗೂ ಮಾಷ್ಟ್ರಿಗೂ ಶಾಲು ಹೊದಿಸೋಣ ಅಂತ ಅಪ್ಪಯ್ಯ ಹೊರಟಿದ್ದರು. ಮಾಷ್ಟ್ರು ಒಪ್ಪಲಿಲ್ಲ. ಮುಂದಿನ ಬ್ಯಾಚಿಗೆ ಹಳೆ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಮಾಡಿಸಿ ಕೊಡಿ, ಸಾಕು ಅಂದರು. ಅದನ್ನೇ ಮಾಡಿಸಿದ್ದೇವೆ. ಬೊಂಬಾಯಿ ಗ್ರೂಪಿಗೆ ನೀವು ಫೋಟೋ ಹಾಕುವುದಾದರೆ ಅವಳೊಬ್ಬಳದ್ದು ಬೇಡ, ಮಾಷ್ಟ್ರ ಜೊತೆ ಎಲ್ಲ ಮಕ್ಕಳೂ ಇರುವುದನ್ನು ಹಾಕಿ. ಬರೆದವರಲ್ಲಿ ಸಿಗದೇ ಹೋದವರೂ ಇದ್ದಾರೆ, ಪಾಪ, ಅವರೂ ಅಷ್ಟೇ ಕೂತು ಓದಿದವರು.

ಹೆಬ್ರಿ ಚಿಕ್ಕಪ್ಪ ಇದನ್ನು ಕೇಳ್ತಾ ಇದ್ದರೆ, ನಿಮ್ಮ ಮಗ ಈಗ ಎಂಟನೆಯದು ಅಲ್ವಾ? ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು, ಏಳನೆಯದರಲ್ಲಿ 55 ಪರ್ಸೆಂಟ್. ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿಗೆ ಈಗಲೇ ಹೋಗಿ, ಕೊನೆಗೆ ಹೋದರೆ ರಶ್ಶು. ಇವಳ ಪುಸ್ತಕಗಳನ್ನು ಕಟ್ಟಿಟ್ಟಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ಸ್ಟಾಪಿನಲ್ಲಿ ಯಾರಾದರೂ ನಿಂತಿರಿ.