ಮಲಯಾಳದ ‘ಮಾಷೇ’, ‘ಟೀಚರ್’: ಕನ್ನಡದಲ್ಲಿ ಏನು? (ತುರ್ತು)

ವಿ.ಕೆ.: ಮಲಯಾಳದ ಮಕ್ಕಳ ಕಥೆಯೊಂದರ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಹುಡುಗಿ ಓಡಿಬಂದು ‘ಮಾಷೇ, ಟೀಚರ್ ವಿಳಿಕ್ಕುನ್ನು’ ಅನ್ನುತ್ತಾಳೆ. ‘ಸರ್, ಮೇಡಂ ಕರೀತಿದಾರೆ’ ಅಂತ ಬರೆದಿದ್ದೆ. ಸಂಪಾದಕರು ಸರ್, ಮೇಡಂ ಎರಡೂ ಬೇಡ ಅಂದರು. ‘ಶಿಕ್ಷಕರೇ’ ಅಂದರೆ ಭಾಷಣ ಶುರುವಾದ ಹಾಗಿರುತ್ತದೆ.

ಎಚ್.: ಸಂಪಾದಕರು ಹೇಳಿದ್ದೇ ಸರಿ. ಸರ್ ಎಂದರೆ ‘ಸ್ಲೇವ್ ಐ ರಿಮೈನ್’ ಎಂಬುದರ ಮೊದಲಕ್ಷರಗಳು. ಅದಕ್ಕೇ ಕೇರಳದಲ್ಲಿ 2023ರಲ್ಲಿ ಬೇಡ ಅಂದರು.

ನಾ.ಭ.: ಆ ಮೊದಲಕ್ಷರದ ಕಥೆ ಕಟ್ಟುಕಥೆ, ಇಲ್ಲಿಗೇ ಬಿಡಿ. ‘ಸರ್’ನ ಬೇರು ಲ್ಯಾಟಿನ್ನಿನ ‘ಸೀನಿಯರ್’, ಅಂದರೆ ಹಿರಿಯ. ‘ಮೇಡಂ’ ಫ್ರೆಂಚಿನಿಂದ ಬಂದದ್ದು, ‘ನನ್ನ ಒಡತಿ’ ಎಂದು ಅರ್ಥ. ಜಪಾನಿನ ‘ಸೆನ್ಸೇ’ಗೂ ಅಕ್ಷರಶಃ ಮೊದಲು ಹುಟ್ಟಿದವರು ಎಂದೇ ಅರ್ಥ, ಅದು ಗಂಡಿಗೂ ಹೆಣ್ಣಿಗೂ ಒಂದೇ. ಕೇರಳದ ಮಕ್ಕಳ ಹಕ್ಕು ಆಯೋಗ 2023ರ ಜನವರಿಯಲ್ಲಿ ಹೇಳಿದ್ದೂ ಇದನ್ನೇ: ಲಿಂಗಭೇದ ಬೇಡ, ಎಲ್ಲರನ್ನೂ ‘ಟೀಚರ್’ ಅನ್ನಿ. ಗುಲಾಮಗಿರಿಯ ಮಾತೇ ಬೇರೆ.

ಶಂ.: ಹಳಗನ್ನಡದ ‘ಓಜ’ ಇರುವಾಗ ಈ ಪರದಾಟ ಯಾಕೆ? ‘ಓಜರೇ’ ಅನ್ನಿ.

ನಾ.ಭ.: ಓಜ ‘ಉಪಾಧ್ಯಾಯ’ದ ತದ್ಭವ, ಪ್ರಾಕೃತದ ದಾರಿಯಲ್ಲಿ ಬಂದದ್ದು. ಅದೂ ಎರವಲೇ. ಇವತ್ತು ಯಾವ ಮಗುವಿನ ಬಾಯಲ್ಲೂ ಇಲ್ಲ.

ಒಂದು ಪದ ಶಾಲೆಯಲ್ಲಿ ನಿಲ್ಲಬೇಕಾದರೆ ಮೂರು ಕಡೆ ಹೊಂದಬೇಕು. ದೂರದಿಂದ ಕೂಗುವಾಗ, ‘ಹೌದು ಸಾರ್’ ಎಂಬಂತೆ ಉತ್ತರದ ಕೊನೆಗೆ ಸೇರಿಸುವಾಗ, ‘ಸರ್ ಬಂದ್ರು’ ಎಂದು ಅವರಿಲ್ಲದಾಗ ಹೇಳುವಾಗ. ‘ಗುರುಗಳೇ’ ಕೂಗಲು ಸರಿ, ಆದರೆ ಪ್ರತಿ ಉತ್ತರದ ಕೊನೆಗೂ ಅಂಟಿಸಿದರೆ ಭಾರ. ‘ಶಿಕ್ಷಕ’ ಮೂರನೆಯದರಲ್ಲೂ ಸೋಲುತ್ತದೆ. ‘ಶಿಕ್ಷಕರು ಬಂದ್ರು’ ಅಂತ ಮಕ್ಕಳು ಅನ್ನುವುದಿಲ್ಲ. ಮೇಷ್ಟ್ರು, ಅಕ್ಕೋರು ಮೂರರಲ್ಲೂ ಗೆಲ್ಲುತ್ತವೆ. ‘ಮೇಷ್ಟ್ರೇ, ಅಕ್ಕೋರು ಕರೀತಿದಾರೆ’ ಅನ್ನಿ.

ಗೀ.: ಮುಖ್ಯೋಪಾಧ್ಯಾಯಿನಿಗೆ ರಜೆ ಅರ್ಜಿ ಬರೆಯುವಾಗ ‘ಮಾನ್ಯರೇ’ ಸಾಕಲ್ಲವೇ? ನಾನು ಹಾಗೇ ಬರೆಯುತ್ತೇನೆ.

ನಾ.ಭ.: ಅರ್ಜಿಗೆ ಸಾಕು. ಇಲ್ಲಿ ಕೇಳಿದ್ದು ಬಾಯಿಮಾತು.

ಶಂ.: ಓಜ ಎರವಲಾದರೆ ‘ಮೇಷ್ಟ್ರು’ ಏನು? ಇಂಗ್ಲಿಷಿನ ಮಾಸ್ಟರ್! ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು.

ನಾ.ಭ.: ಎರವಲು ಎಂಬುದಕ್ಕೆ ಓಜವನ್ನು ಬಿಡಿ ಅಂದದ್ದಲ್ಲ, ಬಳಕೆಯಿಲ್ಲ ಎಂಬುದಕ್ಕೆ. ಮೇಷ್ಟ್ರು ಕನ್ನಡದ ಉಚ್ಚಾರ, ಬಹುವಚನದ ಗೌರವ ಎರಡನ್ನೂ ಹೊತ್ತುಕೊಂಡಿದೆ. ಅಕ್ಕೋರು ಅಕ್ಕ, ಅವರು ಸೇರಿದ್ದು, ಅಪ್ಪಟ ನಮ್ಮದು.

ಉ.: ಒಂದು ತಕರಾರು. ಮೇಷ್ಟ್ರು ಹಳೆ ಮೈಸೂರಿನ ಕಡೆಯದು, ಅಕ್ಕೋರು ಉತ್ತರ ಕನ್ನಡ, ಧಾರವಾಡದ ಕಡೆಯದು. ಒಂದೇ ಹುಡುಗಿ ಎರಡನ್ನೂ ಒಂದೇ ಉಸಿರಲ್ಲಿ ಅನ್ನುವುದಿಲ್ಲ. ಅಕ್ಕೋರು ಇಟ್ಟರೆ ಜೊತೆಗೆ ‘ಮಾಸ್ತರೆ’ ಬರಲಿ. ಕೇರಳಕ್ಕೆ ತಾಗಿದ ದಕ್ಷಿಣ ಕನ್ನಡದಲ್ಲಿ ‘ಮಾಷ್ಟ್ರೇ, ಟೀಚರ್ ಕರೀತಾರೆ’ ಅನ್ನುತ್ತಾರೆ. ಮೂಲಕ್ಕೆ ಇದೇ ಹತ್ತಿರ.

ವಿ.ಕೆ.: ಬೇಡ ಅಂದದ್ದು ಸರ್, ಮೇಡಂ ಮಾತ್ರ, ‘ಟೀಚರ್’ ಬಗ್ಗೆ ಹೇಳಿಲ್ಲ. ಉ. ಅವರ ಸಾಲನ್ನೇ ಕಳಿಸುತ್ತೇನೆ, ಒಪ್ಪದಿದ್ದರೆ ಮಾಸ್ತರೆ, ಅಕ್ಕೋರು.

ಶಂ.: ಟೀಚರ್ ಒಪ್ಪಿದ ಮೇಲೆ ಸರ್ ಏನು ಪಾಪ ಮಾಡಿತ್ತು?