ಪದಚರ್ಚೆ: ‘ಸೈಟ್ ಬುಕಿಂಗ್’ ಅಂತ ಬರೆಸಿದರೆ ಖಾತೆ ಕೇಳ್ತಾರೆ, ಬೋರ್ಡಿಗೆ ಏನು ಬರೆಸಲಿ?

ಸುಮಾ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೋರ್ಡ್ ಬರೆಯುವವರು ಬರುತ್ತಾರೆ. ಅಷ್ಟರೊಳಗೆ ನನಗೆ ನಾಲ್ಕೈದು ಪದ ಬೇಕು.

ನಮ್ಮ ಕಾಫಿ ತೋಟದ ಮೇಲಿನ ಬಯಲಿನಲ್ಲಿ ಟೆಂಟ್ ಹಾಕಿಕೊಂಡು ಉಳಿಯುವವರಿಗೆ ಎಂಟು ಜಾಗ ಮಾಡಿದ್ದೇವೆ. ಕ್ಯಾರವಾನ್ ನಿಲ್ಲಿಸಲು ಎರಡು ಜಾಗ ಇದೆ. ಒಂದೊಂದಕ್ಕೂ ನಂಬರ್ ಹಾಕಬೇಕು. ಹೋದ ತಿಂಗಳು ಗೇಟಿನಲ್ಲಿ ‘ಸೈಟ್ ಬುಕಿಂಗ್ ಇದೆ’ ಎಂದು ಬರೆಸಿದ್ದೆ. ಬಂದ ಫೋನುಗಳಲ್ಲಿ ಜಾಸ್ತಿ ಜನ ಕೇಳಿದ್ದು ‘ಮೂವತ್ತು ನಲವತ್ತಾ? ಖಾತೆ ಆಗಿದೆಯಾ?’ ಅಂತ. ಕನ್ನಡದಲ್ಲಿ ಸೈಟ್ ಅಂದರೆ ಮನೆ ಕಟ್ಟುವ ಜಾಗ ಅಂತ ನನಗೆ ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ಪ್ರಶ್ನೆ ನೀರಿನದು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಪಾತ್ರೆಗೆ, ಸ್ನಾನಕ್ಕೆ ಅದೇ. ಕುಡಿಯುವ ನೀರಿಗೆ ಬೇರೆ ನಲ್ಲಿ ಇದೆ. ಹಿಂದಿನ ಬೋರ್ಡಿನಲ್ಲಿ ‘ಅಬ್ಬಿ ನೀರು, ಕಾಯಿಸಿ ಕುಡಿಯಿರಿ’ ಎಂದಿತ್ತು. ಬೆಂಗಳೂರಿನ ಒಂದು ಕುಟುಂಬ ಜಲಪಾತ ಎಲ್ಲಿದೆ ಅಂತ ಅರ್ಧ ಗಂಟೆ ಹುಡುಕಿತು.

ಮಳೆ ಬಂದಾಗ ಎಲ್ಲರೂ ಓಡಿಬರಲಿ ಎಂದು ಒಂದು ಶೆಡ್ ಇದೆ. ಅದಕ್ಕೂ ಹೆಸರು ಬೇಕು.

ಶಂಕರಪ್ಪ, ಧಾರವಾಡ

ತಂಗಿ, ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ. ಪದ ‘ಬಿಡಾರ’. ಬಿಡು ಧಾತುವಿನಿಂದ ಬಂದದ್ದು. ಎತ್ತು ಬಿಟ್ಟು, ಗಾಡಿ ಬಿಟ್ಟು ಇಳಿದುಕೊಂಡರೆ ಅದು ಬಿಡಾರ. ನಮ್ಮ ಕಡೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋದವರು ಇವತ್ತಿಗೂ ಬಿಡಾರ ಹೂಡುತ್ತಾರೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಸಕ್ರೆಬೈಲಿನಲ್ಲಿ ಸರ್ಕಾರದವರೇ ‘ಆನೆ ಬಿಡಾರ’ ಎನ್ನುತ್ತಾರೆ. ಬಿಡದಿ, ಬೀಡು ಎಲ್ಲ ಇದೇ ಬಳಗ. ‘ಬಿಡಾರ 1, ಬಿಡಾರ 2’ ಎಂದು ಬರೆಸಿರಿ. ‘ಟೆಂಟ್’ ಅನ್ನುವುದು ದಯವಿಟ್ಟು ಬೇಡ.

ನವೀನ್, ಬೆಂಗಳೂರು

ಕ್ಯಾರವಾನ್ ಯಾಕೆ ಬೇಕು ಮೇಡಂ? ಶೂಟಿಂಗ್‌ಗೆ ಕೊಡುತ್ತಿದ್ದೀರಾ? ನಾನು ಚಿತ್ರೀಕರಣದ ಕೆಲಸದಲ್ಲಿದ್ದೇನೆ. ಕ್ಯಾರವಾನ್ ಅಂದರೆ ಕಲಾವಿದರು ಮೇಕಪ್ ಮಾಡಿಕೊಂಡು ಕೂರುವ ಗಾಡಿ. ಅದಕ್ಕೆ ಜನರೇಟರ್ ಜಾಗವನ್ನೂ ಬರೆಸಬೇಕು. ನಮ್ಮಲ್ಲಿ ಆ ಗಾಡಿಗೆ ಬೇರೆ ಪದ ಯಾರೂ ಬಳಸಲ್ಲ.

ಗಣಪತಿ, ಶಿರಸಿ

ಸುಮಾ ಅವರೇ, ನಾನು ಚಾರಣದ ತಂಡಗಳನ್ನು ಕರೆದುಕೊಂಡು ಹೋಗುವವನು. ಪದಕ್ಕೆ ಮೊದಲು ವಸ್ತುವನ್ನು ನೋಡೋಣ. ನಿಮಗೆ ಬೇಕಾಗಿರುವುದು ಇಡೀ ತಾಣದ ಹೆಸರಲ್ಲ, ಒಂದು ಡೇರೆ ಕೂರುವ ಚೌಕದ ಹೆಸರು. ಶಂಕರಪ್ಪನವರ ‘ಬಿಡಾರ’ ಇಡೀ ತಾಣಕ್ಕೆ ಚೆನ್ನಾಗಿದೆ. ಆದರೆ ‘ಬಿಡಾರ 3’ ಅಂದರೆ ಮೂರನೇ ಬಿಡಾರಕ್ಕೆ ಬೇರೆ ದಾರಿ ಇದೆ ಅಂದುಕೊಳ್ಳುತ್ತಾರೆ.

ಈ ಚೌಕ ಡೇರೆಗಿಂತ ದೊಡ್ಡದಿರಬೇಕು. ನಾಲ್ಕು ಜನರ ಡೇರೆಯ ತಳ ಎಂಟಡಿ ಏಳಡಿ ಎಂದುಕೊಳ್ಳಿ. ಎಳೆಹಗ್ಗ ಕಟ್ಟಿ ಗೂಟ ಹೊಡೆಯಲು ಸುತ್ತಲೂ ಮೂರಡಿ ಬೇಕು. ಅಲ್ಲಿಗೆ ಹದಿನಾಲ್ಕಡಿ ಹದಿಮೂರಡಿ ಆಯಿತು. ಅಷ್ಟು ಬಿಡದಿದ್ದರೆ ಪಕ್ಕದವರ ಹಗ್ಗ ಎಡವಿ ರಾತ್ರಿ ಯಾರಾದರೂ ಬೀಳುತ್ತಾರೆ. ನಿಮ್ಮಲ್ಲಿ ಈ ಚೌಕವನ್ನು ಮಣ್ಣು ಹಾಕಿ ಎತ್ತರಿಸಿದ್ದೀರಾ, ಇಲ್ಲ ಬರೀ ಹುಲ್ಲು ಸವರಿದ್ದೀರಾ? ಉತ್ತರದ ಮೇಲೆ ಪದ ನಿಂತಿದೆ. ಸವರಿದ್ದಾದರೆ ‘ಕಣ’ ಅನ್ನಿ. ಎತ್ತರಿಸಿದ್ದಾದರೆ ‘ಕಟ್ಟೆ’.

ನೀರಿನ ಬೋರ್ಡು ಇದಕ್ಕಿಂತ ಮುಖ್ಯ. ‘ಕಾಯಿಸಿ’ ಸಾಲದು. ನಮ್ಮ ಮನೆಗಳಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತೇವೆ, ಅದು ಕುದಿಯುವುದಿಲ್ಲ. ಬೋರ್ಡು ಓದಿದವರು ಆವಿ ಬಂದ ಕೂಡಲೇ ಒಲೆ ಆರಿಸುತ್ತಾರೆ, ಗ್ಯಾಸ್ ಡಬ್ಬಿ ಉಳಿಯಲಿ ಅಂತ. ‘ಕುದಿಸಿ’ ಎಂದು ಬರೆಸಿ. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ. ಅಬ್ಬಿ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಮೇಲೆ ದನ ಮೇಯುತ್ತಿರುತ್ತದೆ, ಇಲಿ ಹೆಗ್ಗಣ ಓಡಾಡುತ್ತಿರುತ್ತವೆ. ಮಳೆ ಬಂದ ಮರುದಿನ ಆ ಕೊಳೆಯೆಲ್ಲ ನೀರಿಗೇ ಇಳಿಯುತ್ತದೆ.

ಶಂಕರಪ್ಪ, ಧಾರವಾಡ

ಗಣಪತಿಯವರು ‘ಡೇರೆ’ ಎಂದು ಆರಾಮಾಗಿ ಬರೆದುಬಿಟ್ಟರು. ಡೇರಾ ಹಿಂದಿಯದು. ಕನ್ನಡದ್ದು ‘ಗುಡಾರ’. ಗುಡಿ, ಗುಡಿಸಲು, ಗುಡಾರ, ಒಂದೇ ಬೇರು. ಇಂಗ್ಲಿಷ್ ಓಡಿಸಲು ಹೋಗಿ ಹಿಂದಿಯನ್ನು ಒಳಗೆ ಕರೆಯುವುದು ಯಾವ ನ್ಯಾಯ?

ಕ್ಯಾರವಾನ್‌ಗೆ ‘ಕೊಲ್ಲಾರಿ ಬಂಡಿ’ ಇದೆಯಲ್ಲ. ಮೇಲೆ ಕಮಾನು, ಒಳಗೆ ಹಾಸಿಗೆ, ಕೆಳಗೆ ಪಾತ್ರೆಯ ಬುಟ್ಟಿ. ಸಂಸಾರವೇ ಅದರಲ್ಲಿ ಹೋಗುತ್ತಿತ್ತು.

ರೇಖಾ, ಮಂಗಳೂರು

ಗುಡಿ-ಗುಡಾರ ಒಂದೇ ಬೇರು ಅನ್ನುವುದು ಕಿವಿಗೆ ಹಿತ, ಪುರಾವೆ ಅಲ್ಲ. ಬಿಡಾರದ ವಿಷಯವೂ ಅಷ್ಟು ಸಲೀಸಲ್ಲ. ಮರಾಠಿಯಲ್ಲಿ ‘ಬಿಱ್ಹಾಡ’ ಇದೆ, ಅರ್ಥವೂ ಹತ್ತಿರ. ಯಾರಿಂದ ಯಾರು ತೆಗೆದುಕೊಂಡರು? ಧಾರವಾಡದವರು ಮರಾಠಿಯಿಂದ ತಂದಿರಬಹುದು.

ಡೇರೆ ಹಿಂದಿಯಿಂದಲೇ ಬಂದಿರಲಿ. ಸರ್ಕಸ್ ಡೇರೆ, ಜಾತ್ರೆ ಡೇರೆ ಎಂದು ಊರೂರೇ ಹೇಳುವಾಗ ಅದನ್ನು ಹೊರಗೆ ಹಾಕುವುದು ಸುಮ್ನೆ ಹಟ.

ಶಂಕರಪ್ಪ, ಧಾರವಾಡ

ಮರಾಠಿಯವರು ನಮ್ಮಿಂದ ಒಯ್ದಿದ್ದಾರೆ. ಬಿಡು ನಮ್ಮ ಧಾತು. ಇದರಲ್ಲಿ ಮತ್ತೆ ಮಾತಿಲ್ಲ.

ಪ್ರಸಾದ್, ನ್ಯೂಜೆರ್ಸಿ

ಜಗಳದ ಮಧ್ಯೆ ಬಂದೆ, ಕ್ಷಮಿಸಿ. ಇಲ್ಲಿ ನಾವು ಪ್ರತಿ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸ್ಟೇಟ್ ಪಾರ್ಕಿನಲ್ಲಿ ಸೈಟ್ ಅಂದರೆ ಡೇರೆಯ ನೆಲ ಅಷ್ಟೇ ಅಲ್ಲ. ಕಾರಿನ ಜಾಗ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಎಲ್ಲ ಸೇರಿ ಸೈಟ್. ಆದ್ದರಿಂದ ‘ಕಟ್ಟೆ’ ಸಾಲದು ಅನಿಸುತ್ತದೆ. ನಾನಾದರೆ ‘ಅಂಕಣ’ ಎನ್ನುತ್ತಿದ್ದೆ. ನಮ್ಮಜ್ಜನದು ಐದು ಅಂಕಣದ ಮನೆ.

ಕ್ಯಾರವಾನ್ ಬರುತ್ತದೆ ಅಂದಿರಿ. ಅದರೊಳಗೆ ಸಿಂಕ್, ಸ್ನಾನದ ನೀರು ಒಂದು ಟ್ಯಾಂಕಿಗೆ, ಕಕ್ಕಸಿನದು ಇನ್ನೊಂದಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ಕಡೆ ಬಿಡಬಾರದು. ಮೊದಲನೆಯದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಬೂದು ನೀರು’ ಅಂತ ಎಲ್ಲೋ ಓದಿ ಬೇಜಾರಾಯಿತು.

ರೇಖಾ, ಮಂಗಳೂರು

‘ಬಚ್ಚಲು ನೀರು’. ಬೇರೆ ಏನೂ ಹುಡುಕಬೇಡಿ. ಬಚ್ಚಲು ನೀರನ್ನು ಬಾಳೆ ಬುಡಕ್ಕೆ ಬಿಡುತ್ತಾರೆ, ಕಕ್ಕಸಿನದನ್ನು ಗುಂಡಿಗೆ. ಪದ ಹೇಳಿದರೆ ಎಲ್ಲಿ ಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ. ಅಂಕಣಕ್ಕೆ ಕಂಬ ಬೇಕು. ಕಂಬ ಇಲ್ಲದ ಅಂಕಣ ಇಲ್ಲ. ಈಗಿನ ಹುಡುಗರಿಗೆ ಅಂಕಣ ಅಂದರೆ ಪತ್ರಿಕೆಯದು.

ಸುಮಾ, ಮೂಡಿಗೆರೆ

ಎಲ್ಲರಿಗೂ ಥ್ಯಾಂಕ್ಸ್. ಗಣಪತಿಯವರೇ, ಎತ್ತರಿಸಿದ್ದೇವೆ. ಮೊದಲ ವರ್ಷ ಬರೀ ಸವರಿ ಬಿಟ್ಟಿದ್ದೆವು. ಏಪ್ರಿಲ್ ಸಂಜೆಯ ಗುಡುಗು ಮಳೆ ಒಂದೇ ಗಂಟೆ ಬಂತು, ಮೂರು ಡೇರೆಗಳ ಅಡಿಗೆ ನೀರು ನುಗ್ಗಿತು. ಬಂದವರು ಸುತ್ತ ಅಗೆದು ಕಾಲುವೆ ಮಾಡಿಕೊಂಡರು, ಬಯಲೆಲ್ಲ ಗುಂಡಿ. ಆಮೇಲೆ ಎಂಟಿಂಚು ಜಲ್ಲಿ ಮಣ್ಣು ಹಾಕಿ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು, ಗುಡ್ಡದ ಬದಿಯಲ್ಲಿ ನಾವೇ ಬಸಿಗಾಲುವೆ ತೆಗೆಸಿದೆವು. ಹಾಗಾಗಿ ನನಗೆ ‘ಕಟ್ಟೆ’ ಒಪ್ಪಿಗೆ. ‘ಕಣ’ ಆಗುವುದಿಲ್ಲ. ತೋಟದಲ್ಲಿ ಕಣ ಅಂದರೆ ಕಾಫಿ ಒಣಗಿಸುವ ಜಾಗ. ‘ಕಣ 2ಕ್ಕೆ ಹೋಗಿ’ ಅಂದರೆ ನಮ್ಮ ಆಳುಗಳೇ ಅವರನ್ನು ಸಿಮೆಂಟ್ ನೆಲಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗೂಟ ಇಳಿಯಲ್ಲ.

ಶಂಕರಪ್ಪ ಸರ್, ಗೇಟಿನ ಮೇಲೆ ದೊಡ್ಡದಾಗಿ ‘ಬಿಡಾರ’ ಅಂತಲೇ ಹಾಕಿಸುತ್ತೇನೆ. ಆದರೆ ನಿಮ್ಮ ಮೂರು ಕಲ್ಲಿನ ಒಲೆಯಿಂದ ಒಂದು ಯೋಚನೆ ಬಂತು. ನಮ್ಮಲ್ಲಿ ಸೌದೆ ಬೆಂಕಿಗೆ ಅವಕಾಶ ಇಲ್ಲ, ಬೇಸಿಗೆಯಲ್ಲಿ ಒಣಹುಲ್ಲು. ಗ್ಯಾಸ್ ಒಲೆ ತರಬಹುದು. ‘ಒಲೆ ಹಾಕುವ ಜಾಗ’ ಎಂದು ಬರೆಸಿದರೆ ಕಲ್ಲು ಹುಡುಕಲು ಹೋಗುತ್ತಾರಾ?

ಗಣಪತಿ, ಶಿರಸಿ

ಖಂಡಿತ ಹೋಗುತ್ತಾರೆ. ‘ಗ್ಯಾಸ್ ಒಲೆಗೆ ಮಾತ್ರ’ ಎಂದು ಬರೆಸಿ. ಅದರ ಕೆಳಗೆ ಇನ್ನೊಂದು ಸಾಲು ಬೇಕೇ ಬೇಕು: ‘ಡೇರೆಯ ಒಳಗೆ ಒಲೆ, ಕೆಂಡ ಇಡಬೇಡಿ’. ಚಳಿ ಅಂತ ಕೆಂಡದ ಬಾಣಲೆಯನ್ನು ಒಳಗೆ ಇಟ್ಟು, ಜಿಪ್ ಎಳೆದು ಮಲಗುವವರಿದ್ದಾರೆ. ಇಂಗಾಲದ ವಿಷಗಾಳಿಗೆ ವಾಸನೆ ಇಲ್ಲ. ತಲೆನೋವು, ವಾಕರಿಕೆ ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗಲ್ಲ. ಹೊಗೆ ಕಾಣಿಸದ ಕೆಂಡವೇ ಜಾಸ್ತಿ ಅಪಾಯ. ‘ಬೆಂಕಿ ಹಾಕಬೇಡಿ’ ಅಂತ ಮಾತ್ರ ಬರೆದರೆ ‘ಇದು ಬೆಂಕಿ ಅಲ್ಲ, ಕೆಂಡ’ ಎನ್ನುತ್ತಾರೆ. ನಾನೇ ಕೇಳಿಸಿಕೊಂಡಿದ್ದೇನೆ.

ಶಂಕರಪ್ಪ, ಧಾರವಾಡ

ಕೆಂಡದ ಪಾತ್ರೆಗೆ ‘ಅಗ್ಗಿಷ್ಟಿಕೆ’ ಎಂಬ ಒಳ್ಳೆಯ ಪದ ಇದೆ. ಬೋರ್ಡಿನಲ್ಲಿ ಬಂದರೆ ನಾಲ್ಕು ಜನ ಕಲಿಯುತ್ತಾರೆ.

ರೇಖಾ, ಮಂಗಳೂರು

ಪ್ರಾಣ ಉಳಿಸುವ ಬೋರ್ಡು ಪದ ಕಲಿಸುವ ಜಾಗ ಅಲ್ಲ. ‘ಕೆಂಡ’ ಇರಲಿ.

ನವೀನ್, ಬೆಂಗಳೂರು

ನಾನು ಮೊದಲು ತಪ್ಪು ತಿಳಿದುಕೊಂಡೆ ಮೇಡಂ. ‘ಗಾಡಿ ಬಿಡಾರ’ ಎಂದರೆ ಹೇಗೆ? ಕೊಲ್ಲಾರಿ ಬಂಡಿ ಎಂದರೆ ಎತ್ತು ಎಲ್ಲಿ ಅಂತಾರೆ. ಬುಕಿಂಗ್ ಸಾಲಿನಲ್ಲಿ ‘ಮುಂಗಡ’ ಬೇಡ, ಅದು ದುಡ್ಡಿಗೆ ಹೇಳುವ ಮಾತು. ‘ಜಾಗ ಕಾಯ್ದಿರಿಸಿ’ ಎನ್ನಬಹುದು.

ಶಂಕರಪ್ಪ, ಧಾರವಾಡ

‘ಕಾದಿರಿಸಿ’.

ಸುಮಾ, ಮೂಡಿಗೆರೆ

ಬೋರ್ಡ್ ಬರೆದಾಯಿತು. ಹೀಗೆ ಬಂತು. ಗೇಟಿನಲ್ಲಿ ‘ಬಿಡಾರ’, ಕೆಳಗೆ ‘ಡೇರೆ ಹಾಕಲು ಜಾಗ ಸಿಗುತ್ತದೆ. ಮೊದಲೇ ಫೋನ್ ಮಾಡಿ’. ಬುಕಿಂಗೂ ಇಲ್ಲ, ಕಾದಿರಿಸುವುದೂ ಇಲ್ಲ. ಚೌಕಗಳಿಗೆ ‘ಡೇರೆ ಕಟ್ಟೆ 1’ರಿಂದ 8. ಗಾಡಿಗಳಿಗೆ ‘ಕ್ಯಾರವಾನ್ 1, 2’. ಬರುವವರು ಆ ಹೆಸರು ಹೇಳಿಕೊಂಡೇ ಬರುತ್ತಾರೆ, ಅದಕ್ಕೆ ಬದಲಿಸಲಿಲ್ಲ. ಅವುಗಳ ಪಕ್ಕ ‘ಬಚ್ಚಲು ನೀರು ಇಲ್ಲಿ ಬಿಡಿ’.

ಒಂದು ನಲ್ಲಿಗೆ ‘ಕುಡಿಯುವ ನೀರು’. ಇನ್ನೊಂದಕ್ಕೆ ‘ಗುಡ್ಡದ ನೀರು. ಪಾತ್ರೆಗೆ, ಸ್ನಾನಕ್ಕೆ ಮಾತ್ರ. ಕುಡಿಯಬೇಕಾದರೆ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ’. ಅಬ್ಬಿ ಅನ್ನುವ ಪದ ಬಿಟ್ಟೆ. ನಮ್ಮ ಅತ್ತೆಗೆ ಅದು ಬೇಸರ. ಅವರು ಐವತ್ತು ವರ್ಷ ಅಬ್ಬಿ ನೀರು ಎಂದೇ ಹೇಳಿದವರು.

ಮಳೆ ಶೆಡ್ಡಿನ ಬೋರ್ಡು ಮಾತ್ರ ಖಾಲಿ ಇದೆ. ‘ತಂಗುದಾಣ’ ಎಂದರೆ ಬಸ್ಸಿಗೆ ಕಾಯುತ್ತಾರೆ ಅನ್ನುವುದು ನನ್ನ ಭಯ. ಮುಂದಿನ ವಾರ ಬರೆಯುವವರು ಮತ್ತೆ ಬರುತ್ತಾರೆ.

ಗಣಪತಿ, ಶಿರಸಿ

‘ಮಳೆ ಆಸರೆ’ ಎನ್ನಿ. ಗುಡುಗು ಕೇಳಿದ ಕೂಡಲೇ ಬರಬೇಕು, ಮಳೆ ಶುರುವಾಗುವವರೆಗೆ ಕಾಯಬಾರದು ಎಂದೂ ಸೇರಿಸಿ. ಆ ಶೆಡ್ಡು ಬರೀ ನಾಲ್ಕು ಕಂಬ, ತಗಡಾಗಿದ್ದರೆ ಸಿಡಿಲಿಗೆ ಅದು ಆಸರೆ ಅಲ್ಲ. ಆಗ ಜನರನ್ನು ಮನೆಗೋ, ಬಾಗಿಲು ಹಾಕಿದ ಕಾರಿನೊಳಗೋ ಕಳಿಸಬೇಕು. ಗೋಡೆ ಇದೆಯಾ?

ಸುಮಾ, ಮೂಡಿಗೆರೆ

ಮೂರು ಕಡೆ ಇಲ್ಲ. ಹಾಗಾದರೆ ಆ ಬೋರ್ಡಿಗೆ ಪದ ಅಲ್ಲ, ಮನೆಯ ಕಡೆಗೆ ಬಾಣದ ಗುರುತು ಬೇಕು. ಅದನ್ನೇ ಬರೆಸುತ್ತೇನೆ.