ಪದಚರ್ಚೆ: ತಾರಸಿಯ ಚಿತ್ರದಲ್ಲಿ ಸೋಲಾರ್ ಫಲಕದ 'ಓರೆ', 'ನೋಟ' ಮತ್ತು 'ಸೂರ್ಯನ ದಿಕ್ಕು'

ಪ್ರಶ್ನೆ

ಮಾನ್ಯರೇ,

ಸೋಲಾರ್ ಫಲಕಗಳನ್ನು ಅಳವಡಿಸುವ ಮುನ್ನ ಗ್ರಾಹಕರಿಗೆ ಕೊಡುವ ಪ್ರಸ್ತಾವಗಳನ್ನು ಬರೆಯುವುದು ನನ್ನ ಕೆಲಸ. ಇನ್ನೂ ಖಾಲಿಯಿರುವ ತಾರಸಿಯ ಛಾಯಾಚಿತ್ರದ ಮೇಲೆ, ಮುಂದೆ ಬರಲಿರುವ ಫಲಕಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ತೋರಿಸುವ ರೂಢಿಯಿದೆ. ಚಿತ್ರ ತಿದ್ದುವವರಿಗೆ ನಾನು ಕಳೆದ ವಾರ ಹೀಗೆ ಬರೆದು ಕಳುಹಿಸಿದ್ದೆ: "ಫಲಕಗಳನ್ನು 20 ಡಿಗ್ರಿ ಓರೆಯಾಗಿ, ಸೂರ್ಯನ ದಿಕ್ಕಿಗೆ, ಚಿತ್ರದ ನೋಟಕ್ಕೆ ಹೊಂದುವಂತೆ ಸೇರಿಸಿ."

ಬಂದ ಚಿತ್ರದಲ್ಲಿ ಫಲಕಗಳ ಸಾಲು, ಗೋಡೆಗೆ ಸೊಟ್ಟಗೆ ತೂಗುಹಾಕಿದ ಪಟದಂತೆ, ಒಂದು ಪಕ್ಕಕ್ಕೆ 20 ಡಿಗ್ರಿ ತಿರುಗಿತ್ತು. ಪ್ಯಾರಪೆಟ್ ಗೋಡೆಯ ಮೂಲೆಗಳು ನೆಟ್ಟಗಿದ್ದರೆ ಫಲಕದ ಕಾಲುಗಳು ಬಲಕ್ಕೆ ಒರಗಿದ್ದವು. ಸಂಜೆ ತೆಗೆದ ಚಿತ್ರವಾದ್ದರಿಂದ ಸೂರ್ಯ ಪಶ್ಚಿಮದಲ್ಲಿದ್ದನು, ಮತ್ತು ಚಿತ್ರ ತಿದ್ದಿದವರು ಫಲಕಗಳ ಮುಖವನ್ನೂ ಪಶ್ಚಿಮಕ್ಕೇ ತಿರುಗಿಸಿದ್ದರು. ನನ್ನ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದಾರೆ ಎಂದು ಎರಡನೆಯ ಸಲ ಓದಿದಾಗ ಹೊಳೆಯಿತು. ಆ ವಾಕ್ಯದ ಮೂರು ಪದಗಳಲ್ಲಿ ಒಂದೂ ನಾನು ಅಂದುಕೊಂಡ ಅರ್ಥವನ್ನು ಹೊರಲಿಲ್ಲ. ಮಟ್ಟವಾದ ನೆಲದಿಂದ ಫಲಕದ ಹಿಂಬದಿಯನ್ನು ಎತ್ತಿ ಉಂಟಾಗುವ ಕೋನಕ್ಕೆ, ಫಲಕದ ಮುಖ ಯಾವ ಕಡೆಗಿದೆ ಎಂಬುದಕ್ಕೆ, ಮತ್ತು ಹತ್ತಿರದ್ದು ದೊಡ್ಡದಾಗಿ ದೂರದ್ದು ಚಿಕ್ಕದಾಗಿ ಕಾಣುವ ಚಿತ್ರದ ಗುಣಕ್ಕೆ, ತಪ್ಪು ತಿಳಿಯಲು ಎಡೆಯಿಲ್ಲದ ಕನ್ನಡ ಪದಗಳನ್ನು ಸೂಚಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಮಸ್ಕಾರ. ನಮ್ಮ ಮನೆಯ ಮೇಲೆ ಫಲಕ ಹಾಕಿಸಿ ನಾಲ್ಕು ವರ್ಷವಾಯಿತು, ಆದ್ದರಿಂದ ಈ ವಿಷಯದಲ್ಲಿ ನನಗೆ ಅನುಭವವಿದೆ. ನೀವು 20 ಡಿಗ್ರಿ ಎಂದು ಹಿಡಿದದ್ದು ಸರಿಯೋ ಎಂದು ಮೊದಲು ನೋಡಿಕೊಳ್ಳಿ. ಫಲಕದ ಕೋನ ಆ ಊರಿನ ಅಕ್ಷಾಂಶಕ್ಕೆ ಹತ್ತಿರವಿರಬೇಕು ಎಂಬುದು ಸಾಮಾನ್ಯ ಲೆಕ್ಕ. ನಮ್ಮದನ್ನು ಮೊದಲು ತೀರಾ ಮಲಗಿಸಿ ಹಾಕಿದ್ದರು. ಮಳೆ ಬಂದರೂ ಧೂಳು ಕೆಳ ಅಂಚಿನಲ್ಲಿಯೇ ಗಟ್ಟಿಯಾಗಿ ಕೂರುತ್ತಿತ್ತು, ಆಮೇಲೆ ಎತ್ತಿಸಿದೆವು. ಸಂಜೆಯ ವಿದ್ಯುತ್ ಹೆಚ್ಚು ಬೇಕಾದವರು ಫಲಕವನ್ನು ಪಶ್ಚಿಮಕ್ಕೆ ತಿರುಗಿಸುವುದೂ ಉಂಟು, ಹಾಗಾಗಿ ಚಿತ್ರ ತಿದ್ದಿದವರದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಸದಸ್ಯರು ಹೇಳಿದ್ದು ಫಲಕವನ್ನು ನಿಜವಾಗಿ ನಿಲ್ಲಿಸುವ ವಿಚಾರ. ಕೇಳಿದವರ ತೊಡಕು, ಈಗಾಗಲೇ ನಿರ್ಧಾರವಾದ ಕೋನವನ್ನು ಚಿತ್ರ ಬರೆಯುವವರಿಗೆ ತಿಳಿಸುವ ಪದ ಯಾವುದು ಎಂಬುದು. ನಾನು ಕಟ್ಟಡಗಳ ಚಿತ್ರಗಳನ್ನು ಬಹಳ ಕಾಲದಿಂದ ಬರೆಯುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

'ಓರೆ' ಎಂದರೆ ನೇರ ತಪ್ಪಿದ್ದು. ಓರೆಗಣ್ಣು, ಓರೆಕೋರೆ ಎಂಬಲ್ಲೆಲ್ಲ ಪಕ್ಕಕ್ಕೆ ಸರಿದ ಭಾವವಿದೆಯೇ ಹೊರತು ಯಾವುದರಿಂದ ಎಷ್ಟು ಎಂಬ ಅಳತೆಯಿಲ್ಲ. ಕಾಗದದ ಮೇಲಿನ ಗೆರೆಯೂ ಓರೆಯಾಗಬಹುದು, ಆದ್ದರಿಂದ ಚಿತ್ರವನ್ನೇ ಎದುರಿಗಿಟ್ಟುಕೊಂಡವರು ಚಿತ್ರದ ಸಮತಲದಲ್ಲಿ ತಿರುಗಿಸಿದ್ದು ಸಹಜ. 'ವಾಲಿಕೆ' ಎಂದರೆ ಇನ್ನೊಂದು ಅಪಾಯ ಕಾದಿದೆ. ಗೋಡೆ ವಾಲಿತು, ಕಂಬ ವಾಲಿತು ಎನ್ನುವಾಗ ನಾವು ಅಳೆಯುವುದು ನೆಟ್ಟಗಿನ ಸ್ಥಿತಿಯಿಂದ, ಅಂದರೆ ತೂಗುಗುಂಡಿನ ದಾರದಿಂದ. 20 ಡಿಗ್ರಿ ವಾಲಿದ ಫಲಕ ಎಂದರೆ ಬಹುಪಾಲು ಗೋಡೆಯಂತೆ ನಿಂತ ಫಲಕ ಎಂದು ಒಬ್ಬರು ತಿಳಿದರೆ ಅವರನ್ನು ದೂರುವಂತಿಲ್ಲ. 'ಇಳಿಜಾರು' ಮಾತ್ರ ಮಟ್ಟವಾದ ನೆಲವನ್ನು ಮನಸ್ಸಿಗೆ ತರುತ್ತದೆ, ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬ ಪ್ರಶ್ನೆಯನ್ನೂ ತಾನಾಗಿಯೇ ಎಬ್ಬಿಸುತ್ತದೆ. ಆದ್ದರಿಂದ "ಮಟ್ಟದಿಂದ 20 ಡಿಗ್ರಿ ಇಳಿಜಾರು, ತಗ್ಗಿನ ಅಂಚು ದಕ್ಷಿಣಕ್ಕೆ" ಎಂದು ಬರೆಯುವುದು ನನಗೆ ಸರಿಯೆನಿಸುತ್ತದೆ. ತಗ್ಗಿನ ಅಂಚನ್ನು ಹೆಸರಿಸಿದರೆ ಮುಖ ಯಾವ ಕಡೆಗೆ ಎಂಬುದೂ ಅದರಲ್ಲೇ ಮುಗಿಯುತ್ತದೆ. ಸಮಭಾಜಕ ವೃತ್ತದ ದಕ್ಷಿಣಕ್ಕಿರುವ ಊರಾದರೆ ದಿಕ್ಕು ಉತ್ತರವಾದೀತು, ವಾಕ್ಯ ಬದಲಾಗಬೇಕಿಲ್ಲ.

ಪದದ ಜೊತೆಗೆ ಅಳತೆಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಫಲಕ 2.28 ಮೀಟರ್ ಉದ್ದ, 1.13 ಮೀಟರ್ ಅಗಲವಿದ್ದು, ಉದ್ದದ ಬದಿ ಇಳಿಜಾರಿನ ಗುಂಟ ಇದೆ ಎಂದುಕೊಳ್ಳೋಣ. 20 ಡಿಗ್ರಿಗೆ ಎತ್ತಿದಾಗ ಅದು ನೆಲದ ಮೇಲೆ ಆವರಿಸುವ ಉದ್ದ 2.14 ಮೀಟರಿಗೆ ಇಳಿಯುತ್ತದೆ, ಹಿಂದಿನ ಅಂಚು ಮುಂದಿನ ಅಂಚಿಗಿಂತ 0.78 ಮೀಟರ್ ಮೇಲೇಳುತ್ತದೆ. ಚಿತ್ರ ಬರೆಯುವವರು ಮೊದಲು ನೆಲದ ಬಿಲ್ಲೆಗಳ ಗೆರೆಗಳನ್ನು ಅನುಸರಿಸಿ 1.13 ಮತ್ತು 2.14 ಮೀಟರಿನ ಆಯತವನ್ನು ನೆಲದ ಮೇಲೆಯೇ ಬರೆಯಲಿ. ಆಮೇಲೆ ಹಿಂದಿನ ಎರಡು ಮೂಲೆಗಳಿಂದ ನೆಟ್ಟಗೆ 0.78 ಮೀಟರ್ ಏರಿಸಲಿ, ಅಷ್ಟೇ ದೂರದಲ್ಲಿರುವ ಪ್ಯಾರಪೆಟ್ಟಿನ ಎತ್ತರ ಗೊತ್ತಿದ್ದರೆ ಅದೇ ಅಳತೆಗೋಲು. ನಾಲ್ಕು ಮೂಲೆಗಳು ಸಿಕ್ಕವು, ಫಲಕದ ಚಿತ್ರವನ್ನು ಆ ನಾಲ್ಕಕ್ಕೆ ಎಳೆದು ಕೂರಿಸಿದರಾಯಿತು. ಕೋನಮಾಪಕವನ್ನು ಚಿತ್ರದ ಮೇಲಿಡುವ ಪ್ರಸಂಗವೇ ಇಲ್ಲಿ ಬರುವುದಿಲ್ಲ.

ಮಾಡಿದ್ದು ಸರಿಯೇ ಎಂದು ನೋಡುವ ಒಂದು ದಾರಿಯೂ ಇದೆ. ಕ್ಯಾಮೆರಾ ಮಟ್ಟವಾಗಿದ್ದು ಉತ್ತರಕ್ಕೆ ನೋಡುತ್ತಿದ್ದರೆ, ನೆಲದ ಮೇಲೆ ಉತ್ತರಕ್ಕೆ ಓಡುವ ಬಿಲ್ಲೆಗಳ ಗೆರೆಗಳೆಲ್ಲ ಚಿತ್ರದ ನಡುವೆ, ದಿಗಂತದ ಗೆರೆಯ ಮೇಲಿನ ಒಂದು ಬಿಂದುವಿನಲ್ಲಿ ಕೂಡುತ್ತವೆ. ಫಲಕಗಳ ಪಕ್ಕದ ಅಂಚುಗಳು ಅಲ್ಲಿ ಕೂಡುವುದಿಲ್ಲ. ಅವು ಏರುತ್ತಾ ದೂರ ಹೋಗುವುದರಿಂದ ಅದೇ ಬಿಂದುವಿನ ನೇರ ಮೇಲೆ, ಬೇರೊಂದು ಬಿಂದುವಿನಲ್ಲಿ ಕೂಡುತ್ತವೆ. 36 ಮಿಲಿಮೀಟರ್ ಅಗಲದ ಸೆನ್ಸರ್, 24 ಮಿಲಿಮೀಟರಿನ ಮಸೂರ, 6000 ಪಿಕ್ಸೆಲ್ ಅಗಲದ ಚಿತ್ರವಾದರೆ ಆ ಎರಡು ಬಿಂದುಗಳ ಅಂತರ 20 ಡಿಗ್ರಿಗೆ ಸುಮಾರು 1456 ಪಿಕ್ಸೆಲ್. ಫಲಕದ ಅಂಚುಗಳೂ ದಿಗಂತದಲ್ಲೇ ಕೂಡಿದ್ದರೆ ಫಲಕಗಳು ನೆಲಕ್ಕೆ ಅಂಟಿ ಮಲಗಿವೆ ಎಂದೇ ಅರ್ಥ, ಎಷ್ಟು ಕಾಲು ಬರೆದರೂ ನೋಡುವವರ ಕಣ್ಣು ಒಪ್ಪುವುದಿಲ್ಲ. ಚಿತ್ರವನ್ನು ಒಂದು ಪಕ್ಕದಿಂದ ಕತ್ತರಿಸಿದ್ದರೆ, ಅಥವಾ ಕ್ಯಾಮೆರಾ ಕೆಳಕ್ಕೆ ಬಾಗಿದ್ದರೆ, ಈ ಲೆಕ್ಕ ಹೀಗೆಯೇ ನಿಲ್ಲದು.

ಮೂರನೆಯ ಉತ್ತರ

ಇಳಿಜಾರಿಗೆ ಗಾರೆ ಕೆಲಸದವರಲ್ಲಿ 'ವಾಟ' ಎಂಬ ಸೊಗಸಾದ ಮಾತಿದೆ. ತಾರಸಿಯಲ್ಲಿ ನೀರು ನಿಲ್ಲದಿರಲಿ ಎಂದು ವಾಟ ಕೊಡುತ್ತಾರೆ, ರಸಮಟ್ಟ ಇಟ್ಟು ನೋಡುತ್ತಾರೆ. ಫಲಕಕ್ಕೂ ಅದೇ ಪದ ಸಾಕಲ್ಲವೇ?

'ಸೂರ್ಯನ ದಿಕ್ಕು' ಎಂಬುದರ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಇರುವುದು ಎರಡು ವಿಷಯ, ಫಲಕದ ಮುಖ ಒಂದು, ಚಿತ್ರ ತೆಗೆದ ಗಳಿಗೆಯಲ್ಲಿ ಬೆಳಕು ಬರುತ್ತಿದ್ದ ಕಡೆ ಇನ್ನೊಂದು. ಮುಖ ದಕ್ಷಿಣಕ್ಕಿದ್ದು ಬೆಳಕು ಪಶ್ಚಿಮದಿಂದ ಬಂದರೆ ವಿರೋಧವೇನೂ ಇಲ್ಲ. ಎರಡನೆಯದನ್ನು 'ಬೆಳಕಿನ ದಿಕ್ಕು' ಎಂದರೂ ಬೆಳಕು ಬರುವ ಕಡೆಯೋ ಹೋಗುವ ಕಡೆಯೋ ತಿಳಿಯದು. 'ನೆರಳು ಬೀಳುವ ಕಡೆ' ಎನ್ನಿ, ಅದು ಚಿತ್ರದಲ್ಲೇ ಕಣ್ಣಿಗೆ ಕಾಣುತ್ತದೆ. ಸೂರ್ಯನ ಕಿರಣಗಳು ಸಮಾನಾಂತರವಾಗಿರುವುದರಿಂದ ಚಿತ್ರದಲ್ಲಿ ಎಲ್ಲ ನೆರಳುಗಳನ್ನೂ ಸಮಾನಾಂತರವಾಗಿ ಎಳೆದರೆ ಸಾಕು.

ಎರಡನೆಯ ಉತ್ತರ ಬರೆದವರಿಂದ

ಮುಖ ಮತ್ತು ಬೆಳಕನ್ನು ಬೇರ್ಪಡಿಸಿದ್ದಕ್ಕೆ ಧನ್ಯವಾದಗಳು, ನನ್ನ ಉತ್ತರದಲ್ಲಿ ಆ ಮಾತು ಬಿಟ್ಟುಹೋಗಿತ್ತು. 'ನೆರಳು ಬೀಳುವ ಕಡೆ' ಎಂಬುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನೆರಳುಗಳು ನೆಲದ ಮೇಲೆ ಸಮಾನಾಂತರವಾಗಿದ್ದರೂ ಚಿತ್ರದಲ್ಲಿ ಹಾಗಿರಬೇಕಿಲ್ಲ, ರೈಲು ಹಳಿಗಳು ದೂರದಲ್ಲಿ ಕೂಡುವಂತೆ ಅವೂ ಕೂಡುತ್ತವೆ. ಈ ಪ್ರಶ್ನೆಯ ಚಿತ್ರದಲ್ಲಿ ಕ್ಯಾಮೆರಾ ಉತ್ತರಕ್ಕೆ ನೋಡುತ್ತಿದ್ದು ನೆರಳು ಎಡದಿಂದ ಬಲಕ್ಕೆ ಅಡ್ಡಲಾಗಿ ಬಿದ್ದಿದ್ದರೆ ತಮ್ಮ ಸಲಹೆ ಬಹುತೇಕ ಸರಿಯಾಗಿಯೇ ಕಾಣುತ್ತದೆ. ಸೂರ್ಯ ಕ್ಯಾಮೆರಾದ ಎದುರಿಗೋ ಬೆನ್ನಿಗೋ ಇದ್ದಾಗ ಅದೇ ಕ್ರಮ ಹಿಡಿದರೆ ನೆರಳುಗಳು ನೆಲದಿಂದ ಜಾರಿದಂತೆ ಕಾಣುತ್ತವೆ.

'ವಾಟ' ನನಗೂ ಇಷ್ಟವಾದ ಪದ. ಆದರೆ ಅದು ನೀರು ಹರಿಯಲು ಸಾಕಾಗುವಷ್ಟು, ಕಣ್ಣಿಗೆ ತಿಳಿದೂ ತಿಳಿಯದಷ್ಟು ಇಳಿಜಾರು. 20 ಡಿಗ್ರಿಯ ವಾಟ ಎಂದರೆ ಗಾರೆ ಕೆಲಸದವರು ಒಪ್ಪಲಾರರು.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನೆರಳಿನ ಮಾತನ್ನು ಓದಿದ ಮೇಲೆ ಮೂಲ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ತಾರಸಿಯ ನೆಲದಲ್ಲಿ ಒಂದು ಮೀಟರ್ ಎತ್ತರದ ಕೊಳವೆ ನಿಂತಿದೆ. ಅದರ ನೆರಳು 30 ಸೆಂಟಿಮೀಟರಿನ ಬಿಲ್ಲೆಗಳ ಸಾಲಿನ ಗುಂಟವೇ ಬಲಕ್ಕೆ ಬಿದ್ದಿರುವುದರಿಂದ ಎಣಿಸುವುದು ಸುಲಭವಾಯಿತು: ಐದೂವರೆ ಬಿಲ್ಲೆಗಿಂತ ತುಸು ಹೆಚ್ಚು, ಅಂದರೆ ಸುಮಾರು 1.7 ಮೀಟರ್. ಹಾಗಾದರೆ ಫಲಕದ 0.78 ಮೀಟರ್ ಎತ್ತರದ ಹಿಂದಿನ ಮೂಲೆಯ ನೆರಳು ಸುಮಾರು 1.3 ಮೀಟರ್ ಚಾಚಬೇಕು. ಮುಂದಿನ ಅಂಚು ನೆಲಕ್ಕೇ ತಾಗಿರುವುದರಿಂದ ಅಲ್ಲಿ ನೆರಳಿಲ್ಲ. ಸಾಲಿನ ಬಲತುದಿಯ ಆಚೆ ನೆರಳು ಒಂದು ತ್ರಿಕೋನವಾಗಿ ಕಾಣಬೇಕು ಎಂದು ನನಗೆ ಇದರಿಂದ ತಿಳಿಯಿತು. ನಮಗೆ ಬಂದ ಚಿತ್ರದಲ್ಲಿ ಫಲಕಗಳ ಸುತ್ತ ಎಲ್ಲ ಕಡೆಗೂ ಒಂದೇ ಅಗಲದ ಮಸುಕು ಅಂಚು ಬಳಿದಿದ್ದರು, ಅದು ಯಾವ ಹೊತ್ತಿನ ನೆರಳೂ ಆಗಿರಲಿಲ್ಲ.

ಸೂಚನೆಯನ್ನು ಈಗ ಹೀಗೆ ತಿದ್ದಿದ್ದೇನೆ: "ಫಲಕಗಳು ಮಟ್ಟದಿಂದ 20 ಡಿಗ್ರಿ ಇಳಿಜಾರಿನಲ್ಲಿರಲಿ, ತಗ್ಗಿನ ಅಂಚು ದಕ್ಷಿಣಕ್ಕೆ, ಹಿಂದಿನ ಅಂಚು ನೆಲದಿಂದ 0.78 ಮೀಟರ್ ಮೇಲೆ. ನೆರಳು ಕೊಳವೆಯ ನೆರಳಿನ ಕಡೆಗೇ, ಎತ್ತರದ 1.7 ಪಟ್ಟು ಉದ್ದಕ್ಕೆ ಬೀಳಲಿ."

'ನೋಟಕ್ಕೆ ಹೊಂದುವಂತೆ' ಎಂಬುದನ್ನು ಸದ್ಯಕ್ಕೆ ತೆಗೆದುಹಾಕಿದ್ದೇನೆ. 'ದೃಷ್ಟಿಕೋನ' ಎಂದರೆ ಅಭಿಪ್ರಾಯದ ಅರ್ಥ ಮುಂದೆ ಬರುತ್ತದೆ, ಮೇಲಾಗಿ ಕೋನ ಎಂಬ ಪದವನ್ನು ಇನ್ನೊಮ್ಮೆ ತಂದು ಗೊಂದಲ ಹೆಚ್ಚಿಸುತ್ತದೆ. 'ಪರಿಪ್ರೇಕ್ಷ್ಯ' ವಿಮರ್ಶೆಯ ಬರಹಗಳಲ್ಲಿ ಬೇರೆಯೇ ಕೆಲಸ ಮಾಡುತ್ತಿದೆ.

ನಾಲ್ಕನೆಯ ಉತ್ತರ

ಚಿತ್ರ ತಿದ್ದುವವಳಾಗಿ ಒಂದು ಮಾತು. ನಮ್ಮ ನಡುವೆ ಎಲ್ಲರೂ 'ಪರ್ಸ್ಪೆಕ್ಟಿವ್' ಎಂದೇ ಹೇಳುತ್ತೇವೆ, ಅದರಿಂದ ಯಾರಿಗೂ ತಪ್ಪು ತಿಳಿವಳಿಕೆ ಆದದ್ದಿಲ್ಲ. ಪದವನ್ನು ಕನ್ನಡಿಸಲೇಬೇಕಾದರೆ 'ದೂರಗುಗ್ಗು' ಎಂದು ಕಟ್ಟಬಹುದೇನೋ, ದೂರ ಹೋದಂತೆ ಕುಗ್ಗುವುದು ಎಂಬ ಅರ್ಥದಲ್ಲಿ. ಆದರೆ ಗೆರೆಗಳು ಒಂದು ಬಿಂದುವಿಗೆ ಕೂಡುವ ಸಂಗತಿ ಅದರಲ್ಲಿ ಬರಲಿಲ್ಲ ಎಂಬ ಕೊರತೆ ನನಗೂ ಕಾಣುತ್ತಿದೆ.

ತಿದ್ದಿದ ಸೂಚನೆ ಮಟ್ಟವಾದ ತಾರಸಿಗೆ ಚೆನ್ನಾಗಿದೆ. ಹೆಂಚಿನ ಚಾವಣಿಯ ಮೇಲೆ, ಚಾವಣಿಗೆ ಹೊಂದಿಕೊಂಡೇ ಫಲಕ ಕೂರಿಸುವಾಗ ಏನು ಮಾಡುವಿರಿ? ಚಾವಣಿಗೇ 25 ಡಿಗ್ರಿ ಇಳಿಜಾರಿದ್ದು, ಸೂಚನೆಯಲ್ಲಿ "ಫಲಕದ ಇಳಿಜಾರು 25 ಡಿಗ್ರಿ" ಎಂದಿದ್ದರೆ, ಚಾವಣಿಯ ಮೇಲೆ ಇನ್ನೂ 25 ಡಿಗ್ರಿ ಎತ್ತಬೇಕೋ ಬೇಡವೋ ಎಂದು ನಾನು ಫೋನು ಮಾಡಿ ಕೇಳಬೇಕಾಗುತ್ತದೆ. 'ಮಟ್ಟದಿಂದ' ಎಂಬ ಪದವನ್ನು ಮರೆಯದೆ ಬರೆದರೆ ಸರಿಹೋಗುತ್ತದೆ, ಆದರೆ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೇ ಆ ಪದ. ಚಾವಣಿಯದಕ್ಕೆ ಮತ್ತು ಫಲಕದ್ದಕ್ಕೆ ಎರಡು ಬೇರೆ ಬೇರೆ ಪದಗಳನ್ನು ಯಾರಾದರೂ ಸೂಚಿಸಬಲ್ಲಿರಾ?